ಕೌಂಟ್ ಸರಿಯಿದ್ದರೂ ರಕ್ತ ನಿಲ್ಲದಿರುವುದೇಕೆ?

ಮಳೆಗಾಲದಲ್ಲಿ ಕೊಡಗಿನ ಕಾಫಿ ತೋಟಗಳಲ್ಲಿ ಕೆಲಸ ಮಾಡುವವರಿಗೆ ಎರಡು ಬಗೆಯ ಗಾಯ ಮಾಮೂಲು. ಒಂದು, ಚಿಗುರು ತೆಗೆಯುವಾಗಲೋ ಕಳೆ ಕೊಚ್ಚುವಾಗಲೋ ಕತ್ತಿ ತಾಗಿ ಬೆರಳು ಕೊಯ್ದುಕೊಳ್ಳುವುದು. ಇನ್ನೊಂದು, ಜಿಗಣೆ ಕಚ್ಚುವುದು. ಕತ್ತಿಯ ಗಾಯ ದೊಡ್ಡದು, ನೋವೂ ಹೆಚ್ಚು. ಆದರೂ ಬಟ್ಟೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ಐದು-ಹತ್ತು ನಿಮಿಷದಲ್ಲಿ ರಕ್ತ ನಿಲ್ಲುತ್ತದೆ. ಜಿಗಣೆ ಕಚ್ಚಿದ ಜಾಗವನ್ನು ಹುಡುಕಿ ನೋಡಬೇಕು, ಅಷ್ಟು ಸಣ್ಣದು. ಆದರೆ ಅದು ಕುಡಿದು ಉದುರಿ ಗಂಟೆ ಕಳೆದರೂ ಕಾಲುಚೀಲ ಒದ್ದೆಯಾಗುತ್ತಲೇ ಇರುತ್ತದೆ.

ಗಾಯದ ಗಾತ್ರಕ್ಕೂ ರಕ್ತ ಹರಿಯುವ ಹೊತ್ತಿಗೂ ಇಲ್ಲಿ ತಾಳೆಯಿಲ್ಲ. ಎರಡೂ ಗಾಯಗಳು ಒಬ್ಬನೇ ಮನುಷ್ಯನವು, ಪ್ಲೇಟ್‌ಲೆಟ್ ಸಂಖ್ಯೆಯೂ ಒಂದೇ. ಡೆಂಗಿ ಜ್ವರದ ದೆಸೆಯಿಂದ ‘ಪ್ಲೇಟ್‌ಲೆಟ್ ಕೌಂಟ್’ ಎಂಬ ಮಾತು ಈಗ ಮನೆಮನೆಯಲ್ಲೂ ಬಳಕೆಯಲ್ಲಿದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇದ್ದರೆ ಸರಿ ಎನ್ನುವುದೂ ಬಹಳ ಜನಕ್ಕೆ ಗೊತ್ತು. ಆದರೆ ಆ ಅಂಕಿ ಹೇಳುವುದು ಎಷ್ಟು ಪ್ಲೇಟ್‌ಲೆಟ್‌ಗಳಿವೆ ಎಂಬುದನ್ನು ಮಾತ್ರ. ಅವು ಗಾಯದ ಬಾಯಿಗೆ ಅಂಟಿಕೊಳ್ಳುತ್ತವೆಯೇ, ಅಂಟಿಕೊಂಡ ಮೇಲೆ ಎಚ್ಚೆತ್ತು ಜೊತೆಯವರನ್ನು ಕರೆಯುತ್ತವೆಯೇ, ಬಂದವು ಒಂದಕ್ಕೊಂದು ಹೆಣೆದುಕೊಳ್ಳುತ್ತವೆಯೇ ಎಂಬುದನ್ನು ಅದು ಹೇಳುವುದಿಲ್ಲ. ಈ ಮೂರು ಹಂತ ಮುಗಿದರೆ ಮಾತ್ರ ತೂತಿಗೆ ಬಿರಡೆ ಬೀಳುತ್ತದೆ. ಮೂರರಲ್ಲಿ ಮೊದಲನೆಯದೇ ಹೆಚ್ಚು ಕಷ್ಟದ್ದು. ಅದನ್ನು ಸಾಧ್ಯವಾಗಿಸುವ ಪ್ರೋಟೀನಿನ ಹೆಸರು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್.

ಕಷ್ಟ ಏಕೆಂದರೆ, ರಕ್ತ ನಿಂತ ನೀರಲ್ಲ. ಪ್ಲೇಟ್‌ಲೆಟ್ ಎಂಬುದು ಎರಡು-ಮೂರು ಮೈಕ್ರೋಮೀಟರ್ ಅಗಲದ, ಕೋಶಕೇಂದ್ರವಿಲ್ಲದ ಚಪ್ಪಟೆ ಬಿಲ್ಲೆ. ಮೂಳೆಮಜ್ಜೆಯ ದೊಡ್ಡ ಕೋಶಗಳಿಂದ ಚೂರಾಗಿ ಹೊರಬಂದು ಏಳರಿಂದ ಹತ್ತು ದಿನ ರಕ್ತದಲ್ಲಿ ತಿರುಗುತ್ತದೆ. ಕೆಂಪು ರಕ್ತಕಣಗಳು ನಾಳದ ನಡುವಿನಲ್ಲಿ ಹರಿಯುತ್ತ ಈ ಬಿಲ್ಲೆಗಳನ್ನು ಅಂಚಿಗೆ ತಳ್ಳುತ್ತವೆ. ಹಾಗಾಗಿ ಅವು ಸದಾ ಗೋಡೆಯ ಪಕ್ಕದಲ್ಲೇ ಸಾಗುತ್ತಿರುತ್ತವೆ. ರಕ್ತಹೀನತೆಯಲ್ಲಿ ಕೆಂಪು ಕಣಗಳು ಕಡಿಮೆಯಾದಾಗ ಹೀಗೆ ತಳ್ಳುವ ಬಲವೂ ಕುಗ್ಗುತ್ತದೆ. ಪ್ಲೇಟ್‌ಲೆಟ್‌ಗಳು ಸಾಕಷ್ಟಿದ್ದರೂ ಗೋಡೆಯ ಬಳಿ ಬರುವವು ಕಡಿಮೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಳದ ಒಳಪದರ ಗಟ್ಟಿಯಾಗಿರುವವರೆಗೆ ಪ್ಲೇಟ್‌ಲೆಟ್ ಅದಕ್ಕೆ ಅಂಟುವುದಿಲ್ಲ. ಆ ಪದರದ ಕೋಶಗಳು ನೈಟ್ರಿಕ್ ಆಕ್ಸೈಡ್ ಮತ್ತು ಪ್ರೋಸ್ಟಾಸೈಕ್ಲಿನ್ ಎಂಬ ಎರಡು ವಸ್ತುಗಳನ್ನು ಹೊರಬಿಟ್ಟು ಪ್ಲೇಟ್‌ಲೆಟ್‌ಗಳನ್ನು ಸುಮ್ಮನಿರಿಸುತ್ತವೆ. ಕತ್ತಿ ತಾಗಿ ಪದರ ಹರಿದಾಗ ಅದರ ಕೆಳಗಿನ ಕೊಲಾಜೆನ್ ನಾರುಗಳು ಮೊದಲ ಬಾರಿಗೆ ರಕ್ತಕ್ಕೆ ಎದುರಾಗುತ್ತವೆ. ಪ್ಲೇಟ್‌ಲೆಟ್‌ನ ಮೇಲೆ ಕೊಲಾಜೆನ್ ಹಿಡಿಯುವ ಗ್ರಾಹಕಗಳೇನೋ ಇವೆ. ಆದರೆ ಸಣ್ಣ ಅಪಧಮನಿಗಳಲ್ಲಿ ರಕ್ತದ ರಭಸ ಎಷ್ಟೆಂದರೆ, ಆ ಗ್ರಾಹಕಗಳು ಹಿಡಿತ ಸಾಧಿಸುವ ಮೊದಲೇ ಪ್ಲೇಟ್‌ಲೆಟ್ ಗಾಯವನ್ನು ದಾಟಿ ಹೋಗಿರುತ್ತದೆ. ಹರಿವು ನಿಧಾನವಾದ ಸಿರೆಗಳಲ್ಲಿ ಇದು ಅಷ್ಟು ದೊಡ್ಡ ತೊಡಕಲ್ಲ. ರಭಸವಿರುವಲ್ಲಿ ಮೊದಲು ಯಾರಾದರೂ ಅದನ್ನು ತಡೆದು ನಿಧಾನಿಸಬೇಕು.

ಆ ಕೆಲಸ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರಿನದು. ಇದನ್ನು ಮುಖ್ಯವಾಗಿ ನಾಳದ ಒಳಪದರದ ಕೋಶಗಳೇ ತಯಾರಿಸುತ್ತವೆ. ಪ್ಲೇಟ್‌ಲೆಟ್‌ಗಳ ಚೀಲಗಳಲ್ಲೂ ಸ್ವಲ್ಪ ಇರುತ್ತದೆ. ಒಂದೊಂದು ಘಟಕದಲ್ಲಿ 2050 ಅಮೈನೋ ಆಮ್ಲಗಳಿದ್ದು, ಹತ್ತಾರು ಘಟಕಗಳು ಸಾಲಾಗಿ ಜೋಡಿಸಿಕೊಂಡು ಉದ್ದನೆಯ ಸರಪಳಿಯಾಗುತ್ತವೆ. ನಮ್ಮ ರಕ್ತದಲ್ಲಿ ಓಡಾಡುವ ಪ್ರೋಟೀನುಗಳಲ್ಲಿ ಇಷ್ಟು ದೊಡ್ಡದು ಬೇರೊಂದಿಲ್ಲ. ಸರಪಳಿ ಉದ್ದವಾದಷ್ಟೂ ಕೆಲಸ ಚೆನ್ನಾಗಿ ನಡೆಯುತ್ತದೆ. ತುಂಡು ಸರಪಳಿಗಳು ಎಷ್ಟಿದ್ದರೂ ಉಪಯೋಗ ಕಡಿಮೆ. ತಯಾರಾದ ಉದ್ದ ಸರಪಳಿಗಳು ಕೋಶದೊಳಗೆ ಕಡ್ಡಿಯಾಕಾರದ ಚೀಲಗಳಲ್ಲಿ ಶೇಖರವಾಗಿರುತ್ತವೆ. 1964ರಲ್ಲಿ ಎವಾಲ್ಡ್ ವೈಬೆಲ್ ಮತ್ತು ಜಾರ್ಜ್ ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವನ್ನು ಕಂಡು ವರ್ಣಿಸಿದ್ದರಿಂದ ಅವಕ್ಕೆ ವೈಬೆಲ್-ಪಲಾಡೆ ಕಾಯಗಳೆಂದೇ ಹೆಸರು.

ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಈ ಪ್ರೋಟೀನು ಇರುವುದು ಸುಮಾರು ಹತ್ತು ಮೈಕ್ರೋಗ್ರಾಂ ಮಾತ್ರ. ಹೆಪ್ಪುಗಟ್ಟುವಿಕೆಯ ಇನ್ನೊಂದು ಪ್ರೋಟೀನಾದ ಫೈಬ್ರಿನೋಜೆನ್ ಇದರ ಇನ್ನೂರು ಪಟ್ಟಿಗೂ ಹೆಚ್ಚು ಇರುತ್ತದೆ. ಆದರೂ ರಭಸದ ಹರಿವಿನಲ್ಲಿ ಪ್ಲೇಟ್‌ಲೆಟ್ ಹಿಡಿಯುವುದು ಫೈಬ್ರಿನೋಜೆನ್‌ಗೆ ಆಗುವುದಿಲ್ಲ, ಇದಕ್ಕೆ ಆಗುತ್ತದೆ. ಗುಟ್ಟು ಇರುವುದು ಅದು ಬಿಚ್ಚಿಕೊಳ್ಳುವ ರೀತಿಯಲ್ಲಿ. ತೋಡಿನ ನಿಂತ ನೀರಿನಲ್ಲಿ ಮುದುಡಿ ಬಿದ್ದಿರುವ ಬಳ್ಳಿ, ಮಳೆ ಬಂದು ಸೆಳೆತ ಏರಿದಾಗ ಬುಡ ಕಚ್ಚಿಕೊಂಡು ಉದ್ದಕ್ಕೆ ಚಾಚಿಕೊಳ್ಳುತ್ತದಲ್ಲ, ಹಾಗೆ. ರಕ್ತದಲ್ಲಿ ತೇಲುತ್ತಿರುವಾಗ ಈ ಸರಪಳಿ ಪ್ಲೇಟ್‌ಲೆಟ್‌ನ ಅಗಲದ ಹತ್ತರಲ್ಲೊಂದು ಭಾಗದಷ್ಟು ಸಣ್ಣ ಉಂಡೆಯಾಗಿರುತ್ತದೆ. ಪ್ಲೇಟ್‌ಲೆಟ್ ಹಿಡಿಯುವ ಜಾಗಗಳೆಲ್ಲ ಒಳಗೆ ಮುಚ್ಚಿಹೋಗಿರುತ್ತವೆ. ಗಾಯದಲ್ಲಿ ಕೊಲಾಜೆನ್ ಕಂಡಾಗ ಎ3 ಎಂಬ ಭಾಗದಿಂದ ಅದನ್ನು ಕಚ್ಚಿಕೊಳ್ಳುತ್ತದೆ. ಒಂದು ಕಡೆ ಕಚ್ಚಿಕೊಂಡಿದ್ದು ಇನ್ನೊಂದು ಕಡೆಯನ್ನು ಹರಿವು ಎಳೆಯುವುದರಿಂದ ಉಂಡೆ ಬಿಚ್ಚಿ ಒಂದು ಮೈಕ್ರೋಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಆಗ ಎ1 ಎಂಬ ಭಾಗಗಳು ಸಾಲುಸಾಲಾಗಿ ತೆರೆದುಕೊಳ್ಳುತ್ತವೆ. ಅಂದರೆ ರಭಸ ಹೆಚ್ಚಿ ರಕ್ತಸ್ರಾವದ ಅಪಾಯ ಜಾಸ್ತಿಯಾದಷ್ಟೂ ಈ ಪ್ರೋಟೀನು ಹೆಚ್ಚು ಚುರುಕಾಗುತ್ತದೆ. ರಭಸವಿಲ್ಲದ ಕಡೆ ಸುಮ್ಮನೆ ಮುದುಡಿಕೊಂಡಿರುತ್ತದೆ.

ಪ್ಲೇಟ್‌ಲೆಟ್‌ನ ಮೈಮೇಲೆ ಈ ಎ1 ಭಾಗಕ್ಕೆಂದೇ ಇರುವ ಗ್ರಾಹಕವನ್ನು ಗ್ಲೈಕೋಪ್ರೋಟೀನ್ 1ಬಿ ಎನ್ನುತ್ತಾರೆ. ಒಂದು ಪ್ಲೇಟ್‌ಲೆಟ್‌ಗೆ ಇಂಥವು ಸುಮಾರು ಇಪ್ಪತ್ತೈದು ಸಾವಿರ. ಇವೆರಡರ ಹಿಡಿತ ಥಟ್ಟನೆ ಬೀಳುತ್ತದೆ, ಅಷ್ಟೇ ಬೇಗ ಬಿಡುತ್ತದೆ. ಒಂದು ಹಿಡಿತ ಬಿಡುವಷ್ಟರಲ್ಲಿ ಮುಂದಿನದು ಬಿದ್ದಿರುತ್ತದೆ. ಹೀಗಾಗಿ ಪ್ಲೇಟ್‌ಲೆಟ್ ಒಮ್ಮೆಗೇ ನಿಲ್ಲದೆ, ಗಾಯದ ಮೇಲೆ ಉರುಳುತ್ತ ನಿಧಾನಗೊಳ್ಳುತ್ತದೆ. ಮೊದಲ ಹಂತ ಇಷ್ಟೇ: ನಿಲ್ಲಿಸುವುದಲ್ಲ, ನಿಧಾನಿಸುವುದು. ಈಗ ಕೊಲಾಜೆನ್ ಗ್ರಾಹಕಗಳಿಗೆ ತಮ್ಮ ಕೆಲಸ ಮಾಡಲು ಸಮಯ ಸಿಗುತ್ತದೆ.

ಎರಡನೆಯ ಹಂತ ಪ್ಲೇಟ್‌ಲೆಟ್ ಎಚ್ಚೆತ್ತುಕೊಳ್ಳುವುದು. ಗ್ಲೈಕೋಪ್ರೋಟೀನ್ 6 ಎಂಬ ಗ್ರಾಹಕ ಕೊಲಾಜೆನನ್ನು ಹಿಡಿದ ಕೂಡಲೇ ಪ್ಲೇಟ್‌ಲೆಟ್‌ನೊಳಗೆ ಕ್ಯಾಲ್ಸಿಯಂ ಮಟ್ಟ ಏರುತ್ತದೆ. ನುಣುಪಾದ ಬಿಲ್ಲೆ ಉಬ್ಬಿ, ಸುತ್ತಲೂ ಮುಳ್ಳಿನಂಥ ಚಾಚುಗಳನ್ನು ಹೊರಡಿಸಿ, ಗಾಯದ ಮೇಲೆ ಹರಡಿಕೊಳ್ಳುತ್ತದೆ. ಜೊತೆಗೆ ತನ್ನೊಳಗಿನ ಚೀಲಗಳನ್ನು ಹೊರಕ್ಕೆ ಸುರಿಯುತ್ತದೆ. ಅದರಲ್ಲಿನ ಎಡಿಪಿ ಎಂಬ ವಸ್ತು ಪಕ್ಕದಲ್ಲಿ ಸಾಗುತ್ತಿರುವ ಪ್ಲೇಟ್‌ಲೆಟ್‌ಗಳನ್ನು ಎಬ್ಬಿಸುತ್ತದೆ. ಅದೇ ಹೊತ್ತಿಗೆ ಥ್ರಾಂಬಾಕ್ಸೇನ್ ಎಂಬ ಇನ್ನೊಂದು ವಸ್ತುವೂ ಹೊಸದಾಗಿ ತಯಾರಾಗಿ ಅದೇ ಕೆಲಸ ಮಾಡುತ್ತದೆ. ಒಂದು ಇನ್ನೊಂದನ್ನು ಎಬ್ಬಿಸಿ, ಅದು ಮತ್ತೆ ಹತ್ತನ್ನು ಎಬ್ಬಿಸುವುದರಿಂದ ಕೆಲವೇ ಸೆಕೆಂಡುಗಳಲ್ಲಿ ಗಾಯದ ಸುತ್ತ ಪ್ಲೇಟ್‌ಲೆಟ್‌ಗಳೆಲ್ಲ ಸಿದ್ಧವಾಗಿರುತ್ತವೆ.

ಹೃದಯದ ತೊಂದರೆ ಇರುವವರು ತೆಗೆದುಕೊಳ್ಳುವ ಆ್ಯಸ್ಪಿರಿನ್ ಈ ಥ್ರಾಂಬಾಕ್ಸೇನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ಅದಕ್ಕೆ ಬೇಕಾದ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಕೋಶಕೇಂದ್ರವಿಲ್ಲದ ಪ್ಲೇಟ್‌ಲೆಟ್ ಹೊಸ ಕಿಣ್ವ ಮಾಡಿಕೊಳ್ಳಲಾರದು. ಆದ್ದರಿಂದ ಮಾತ್ರೆ ರಕ್ತದಲ್ಲಿ ಕೆಲವೇ ಗಂಟೆ ಇದ್ದರೂ ಅದರ ಪರಿಣಾಮ ಆ ಪ್ಲೇಟ್‌ಲೆಟ್ ಸಾಯುವವರೆಗೂ ಉಳಿಯುತ್ತದೆ. ಕ್ಲೊಪಿಡೊಗ್ರೆಲ್ ಎಂಬ ಮಾತ್ರೆ ತಡೆಯುವುದು ಎಡಿಪಿಯ ಕರೆಯನ್ನು. ಎರಡನ್ನೂ ನುಂಗುವವರ ಕೌಂಟ್ ಎರಡೂವರೆ ಲಕ್ಷ ಇದ್ದೀತು. ಬೆರಳು ಕೊಯ್ದರೆ ಮಾತ್ರ ರಕ್ತ ನಿಲ್ಲುವುದು ತಡವಾಗುತ್ತದೆ. ಹಾಗೆಂದು ವೈದ್ಯರನ್ನು ಕೇಳದೆ ಇವನ್ನು ನಿಲ್ಲಿಸುವುದು, ಅದರಲ್ಲೂ ಸ್ಟೆಂಟ್ ಹಾಕಿಸಿಕೊಂಡವರು ನಿಲ್ಲಿಸುವುದು, ಅಪಾಯಕಾರಿ.

ಮೂರನೆಯ ಹಂತ ಗುಂಪುಗೂಡುವುದು. ಎಚ್ಚೆತ್ತ ಪ್ಲೇಟ್‌ಲೆಟ್‌ನ ಮೇಲೆ ಗ್ಲೈಕೋಪ್ರೋಟೀನ್ 2ಬಿ/3ಎ ಎಂಬ ಗ್ರಾಹಕ ಬಾಗಿದ ಸ್ಥಿತಿಯಿಂದ ನೆಟ್ಟಗಾಗಿ ತೆರೆದುಕೊಳ್ಳುತ್ತದೆ. ಇವು ಪ್ಲೇಟ್‌ಲೆಟ್ ಒಂದಕ್ಕೆ ಸುಮಾರು ಎಂಬತ್ತು ಸಾವಿರ. ಫೈಬ್ರಿನೋಜೆನ್ ಅಣುವಿಗೆ ಎರಡು ತುದಿಯಿದ್ದು, ಒಂದು ತುದಿ ಈ ಪ್ಲೇಟ್‌ಲೆಟ್ಟನ್ನೂ ಇನ್ನೊಂದು ತುದಿ ಪಕ್ಕದ್ದನ್ನೂ ಹಿಡಿಯುತ್ತದೆ. ರಭಸ ಹೆಚ್ಚಿರುವಲ್ಲಿ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರೇ ಇಲ್ಲೂ ಸೇತುವೆಯಾಗುತ್ತದೆ. ಬಿರಡೆ ಸಿದ್ಧವಾಯಿತು, ಆದರೆ ಅದಿನ್ನೂ ಸಡಿಲ. ಥ್ರಾಂಬಿನ್ ಎಂಬ ಕಿಣ್ವ ಫೈಬ್ರಿನೋಜೆನನ್ನು ಫೈಬ್ರಿನ್ ನೂಲಾಗಿಸಿ ಅದರ ಮೇಲೆ ಬಲೆ ಹೆಣೆದ ಮೇಲೆಯೇ ಅದು ಗಟ್ಟಿಯಾಗುವುದು. ಎರಡೆರಡು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ‘ನಿಂತಿತಾ’ ಎಂದು ನೋಡುವುದರಿಂದ ನಷ್ಟವೇ ಹೆಚ್ಚು. ಬಟ್ಟೆಗೆ ಅಂಟಿ ಎದ್ದು ಬರುವುದು ಆಗಷ್ಟೇ ಕೂತಿದ್ದ ಈ ಸಡಿಲ ಬಿರಡೆ. ಹತ್ತು ನಿಮಿಷ ಗಡಿಯಾರ ನೋಡಿಕೊಂಡು, ಎತ್ತದೆ ಒತ್ತಿ ಹಿಡಿಯಬೇಕು.

ಈಗ ಜಿಗಣೆಯ ಕಡೆಗೆ ಬರೋಣ. ಅದರ ಜೊಲ್ಲು ಈ ಹಂತಗಳ ಮೇಲೇ ಕೈಯಿಟ್ಟಿದೆ. ಯುರೋಪಿನ ಔಷಧೀಯ ಜಿಗಣೆಯ ಜೊಲ್ಲಿನಲ್ಲಿ ಹಿರುಡಿನ್ ಎಂಬ ವಸ್ತುವಿದ್ದು ಅದು ಥ್ರಾಂಬಿನ್ನನ್ನು ಕಟ್ಟಿಹಾಕುತ್ತದೆ. ಅದೇ ಜೊಲ್ಲಿನ ಕ್ಯಾಲಿನ್ ಎಂಬ ಇನ್ನೊಂದು ಪ್ರೋಟೀನು ಕೊಲಾಜೆನ್ ನಾರಿಗೆ ಅಂಟಿ ಕುಳಿತು, ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರಿಗೆ ಅಲ್ಲಿ ಜಾಗ ಕೊಡುವುದಿಲ್ಲ. ನೆಲದ ಮೇಲೆ ಓಡಾಡುವ ಹೀಮಡಿಪ್ಸಾ ಜಾತಿಯ ಜಿಗಣೆಯಲ್ಲಿ ಥ್ರಾಂಬಿನ್ ತಡೆಯುವ ಹೀಮಡಿನ್ ಸಿಕ್ಕಿದೆ. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿದರೆ ಜಿಗಣೆ ಉದುರುತ್ತದೆ ನಿಜ, ಆದರೆ ಜೊಲ್ಲು ಗಾಯದಲ್ಲೇ ಉಳಿದಿರುತ್ತದೆ. ನೀರು-ಸೋಪಿನಿಂದ ತೊಳೆದು, ಹದಿನೈದು ನಿಮಿಷ ಒತ್ತಿ, ಮೇಲೆ ಬಿಗಿಯಾಗಿ ಪಟ್ಟಿ ಕಟ್ಟುವುದೇ ಮಾಡಬಹುದಾದ ಕೆಲಸ. ಸಾಮಾನ್ಯ ಮನುಷ್ಯನಿಗೆ ಇದು ಕಿರಿಕಿರಿ, ಅಷ್ಟೇ. ಜೊಲ್ಲಿನ ಪ್ರಭಾವ ಇಳಿದ ಮೇಲೆ ಬಿರಡೆ ಬೀಳುತ್ತದೆ.

ಜಿಗಣೆ ಒಂದು ಚುಕ್ಕೆಯಷ್ಟು ಜಾಗದಲ್ಲಿ ಮಾಡುವ ಕೆಲಸವನ್ನು ಇಡೀ ದೇಹದಲ್ಲಿ ಹುಟ್ಟಿನಿಂದಲೇ ಹೊತ್ತಿರುವವರಿದ್ದಾರೆ. ಫಿನ್‌ಲ್ಯಾಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಓಲಂಡ್ ದ್ವೀಪಗಳ ಒಂದು ಕುಟುಂಬದ ಬಗ್ಗೆ ಬರೆದರು. ಅವರ ಬಳಿ ಬಂದಿದ್ದ ಬಾಲಕಿ ಮುಂದೆ ಹದಿಮೂರನೆಯ ವಯಸ್ಸಿನಲ್ಲಿ ಮುಟ್ಟಿನ ರಕ್ತಸ್ರಾವದಿಂದಲೇ ತೀರಿಕೊಂಡಳು. ಆ ಮನೆಯವರ ಪ್ಲೇಟ್‌ಲೆಟ್ ಕೌಂಟ್ ಸರಿಯಿತ್ತು. ಹಿಮೊಫಿಲಿಯಾದಂತೆ ಗಂಡುಮಕ್ಕಳಿಗೆ ಮಾತ್ರ ಬರದೆ ಹೆಣ್ಣುಮಕ್ಕಳಿಗೂ ಬರುತ್ತಿದ್ದುದರಿಂದ ಇದು ಬೇರೆಯೇ ಕಾಯಿಲೆ ಎಂದು ಅವರು ಗುರುತಿಸಿದರು. ಕೊರತೆ ಇರುವುದು ಪ್ಲಾಸ್ಮಾದ ಒಂದು ಪ್ರೋಟೀನಿನಲ್ಲಿ ಎಂಬುದು ತಿಳಿಯಲು ದಶಕಗಳೇ ಬೇಕಾದವು.

ಈ ಕಾಯಿಲೆಯ ರಕ್ತಸ್ರಾವಕ್ಕೆ ತನ್ನದೇ ಗುರುತಿದೆ: ಮೂಗು, ಒಸಡು, ಮುಟ್ಟು, ಹಲ್ಲು ಕಿತ್ತ ಕುಳಿ, ಹೆರಿಗೆಯ ನಂತರ. ಹಿಮೊಫಿಲಿಯಾದಲ್ಲಿ ಕಾಣುವ ಹಾಗೆ ಮೊಣಕಾಲಿನ ಕೀಲಿನೊಳಗೆ ರಕ್ತ ತುಂಬುವುದು ಇಲ್ಲಿ ಅಪರೂಪ, ತೀವ್ರ ಬಗೆಯಲ್ಲಿ ಮಾತ್ರ ಕಾಣುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಸೋಮವಾರಪೇಟೆ ಕಡೆಯ ಹದಿನೇಳರ ಹುಡುಗಿ, ತೂಕ 45 ಕಿಲೋ. ಮುಟ್ಟು ಎಂಟು-ಒಂಬತ್ತು ದಿನ, ಮೊದಲ ಮೂರು ದಿನ ಒಂದೆರಡು ಗಂಟೆಗೆ ಒಂದು ಪ್ಯಾಡ್. ಹಿಂದಿನ ವರ್ಷ ಹಲ್ಲು ಕೀಳಿಸಿದಾಗ ಎರಡು ದಿನ ರಕ್ತ ಒಸರಿತ್ತು. ಹಿಮೊಗ್ಲೋಬಿನ್ 8.4, ಪ್ಲೇಟ್‌ಲೆಟ್ 3.6 ಲಕ್ಷ. ‘ಕೌಂಟ್ ಚೆನ್ನಾಗಿದೆ, ರಕ್ತ ಕಡಿಮೆ ಇದೆ’ ಎಂದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದು ಇಂಥಲ್ಲಿ ಆಗುವ ಸಾಮಾನ್ಯ ತಪ್ಪು. ಕಬ್ಬಿಣದ ಕೊರತೆ ಇದ್ದಾಗ ಕೌಂಟ್ ತುಸು ಏರುವುದುಂಟು. ಆ ಅಂಕಿ ಸಮಾಧಾನಪಡುವಂಥದ್ದಲ್ಲ. ಮಾತ್ರವಲ್ಲ, ಕೆಂಪು ಕಣ ಕಡಿಮೆಯಾದಾಗ ಪ್ಲೇಟ್‌ಲೆಟ್‌ಗಳು ಗೋಡೆಯ ಬಳಿ ಬರುವುದೂ ಕಡಿಮೆ ಎಂದು ಮೇಲೆ ಹೇಳಿದೆವು. ರಕ್ತ ಹೋಗಿ ರಕ್ತಹೀನತೆ, ಅದರಿಂದ ಇನ್ನಷ್ಟು ರಕ್ತಸ್ರಾವ. ಕಬ್ಬಿಣ ಕೊಡಲೇಬೇಕು, ಆದರೆ ಅಲ್ಲಿಗೇ ನಿಲ್ಲಬಾರದು.

ಕೇಳಬೇಕಾದ ಪರೀಕ್ಷೆ ಮೂರು. ವಾನ್ ವಿಲ್ಲೆಬ್ರಾಂಡ್ ಪ್ರೋಟೀನು ಎಷ್ಟಿದೆ, ಅದು ಪ್ಲೇಟ್‌ಲೆಟ್ಟನ್ನು ಎಷ್ಟು ಹಿಡಿಯುತ್ತದೆ, ಮತ್ತು ಹೆಪ್ಪುಗಟ್ಟಲು ಬೇಕಾದ ಮತ್ತೊಂದು ಪ್ರೋಟೀನಾದ ಫ್ಯಾಕ್ಟರ್ 8 ಎಷ್ಟಿದೆ. ಮೂರನೆಯದು ಏಕೆಂದರೆ, ಫ್ಯಾಕ್ಟರ್ 8 ರಕ್ತದಲ್ಲಿ ಈ ಪ್ರೋಟೀನಿನ ಬೆನ್ನೇರಿಯೇ ತಿರುಗುವುದು. ಇದು ಕಡಿಮೆಯಾದರೆ ಅದೂ ಬೇಗ ಸವೆಯುತ್ತದೆ. ಆರೋಗ್ಯವಂತರ ಸರಾಸರಿಯನ್ನು 100 ಎಂದಿಟ್ಟುಕೊಂಡರೆ, ನಮ್ಮ ಹುಡುಗಿಯ ಅಂಕಿಗಳು ಕ್ರಮವಾಗಿ 24, 22 ಮತ್ತು 41 ಎಂದುಕೊಳ್ಳೋಣ. ಮೊದಲೆರಡಕ್ಕೆ 50ರ ಮೇಲಿದ್ದರೆ ಸಾಮಾನ್ಯ. 30ಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ಎಂದೇ ಲೆಕ್ಕ. ನಡುವೆ ಇದ್ದು ರಕ್ತಸ್ರಾವದ ಇತಿಹಾಸವಿದ್ದರೂ ಹಾಗೆಯೇ. ಇನ್ನು 22ನ್ನು 24ರಿಂದ ಭಾಗಿಸಿದರೆ 0.92. ಇರುವಷ್ಟು ಪ್ರೋಟೀನು ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ಪ್ರಮಾಣ ಮಾತ್ರ ಕಡಿಮೆ. ಇದು ಒಂದನೆಯ ಬಗೆ, ಎಲ್ಲಕ್ಕಿಂತ ಹೆಚ್ಚು ಕಾಣುವಂಥದ್ದು. ಪ್ರೋಟೀನು 45 ಇದ್ದು ಕೆಲಸ 15 ಮಾತ್ರ ಇದ್ದಿದ್ದರೆ ಅನುಪಾತ 0.33, 0.7ಕ್ಕಿಂತ ಕೆಳಗಿದ್ದರೆ ಪ್ರೋಟೀನಿನ ರಚನೆಯಲ್ಲೇ ದೋಷವಿರುವ ಎರಡನೆಯ ಬಗೆ ಎಂದು ಅನುಮಾನಿಸಬೇಕು. ಮೂರನೆಯ ಬಗೆಯಲ್ಲಿ ಪ್ರೋಟೀನು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಈ ಅಂಕಿಗಳನ್ನು ನಂಬುವ ಮೊದಲು ರಕ್ತದ ಸ್ಯಾಂಪಲ್ ಹೇಗೆ ಪ್ರಯಾಣ ಮಾಡಿತು ಎಂದು ಕೇಳಲೇಬೇಕು. ಕೊಡಗಿನಿಂದ ಇಂಥ ಪರೀಕ್ಷೆಗೆ ಸ್ಯಾಂಪಲ್ ಮೈಸೂರಿಗೋ ಬೆಂಗಳೂರಿಗೋ ಹೋಗುವುದಾದರೆ, ಟ್ಯೂಬನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸುವುದು ಸಹಜವೆನಿಸುತ್ತದೆ. ತಪ್ಪಾಗುವುದೇ ಅಲ್ಲಿ. ಬೇರ್ಪಡಿಸದ ರಕ್ತವನ್ನು ತಣ್ಣಗಿಟ್ಟರೆ ಈ ಪ್ರೋಟೀನಿನ ಅಂಕಿ, ಅದರಲ್ಲೂ ಉದ್ದ ಸರಪಳಿಗಳದ್ದು, ಸುಳ್ಳಾಗಿ ಇಳಿಯುತ್ತದೆ. ಆರೋಗ್ಯವಂತರಿಗೂ ಕಾಯಿಲೆಯ ಹಣೆಪಟ್ಟಿ ಬೀಳುತ್ತದೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಗುರುತಿನವರೆಗೆ, ಅಂದರೆ 0.3 ಮಿ.ಲೀ. ಸಿಟ್ರೇಟಿಗೆ 2.7 ಮಿ.ಲೀ. ರಕ್ತ ತುಂಬಿ, ಕೋಣೆಯ ತಾಪದಲ್ಲೇ ಇಟ್ಟು, ನಾಲ್ಕು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು. ಘನೀಕರಿಸಿ ಕಳಿಸಬೇಕಾದದ್ದು ಆ ಪ್ಲಾಸ್ಮಾವನ್ನು. ದಾರಿಯಲ್ಲಿ ಅದು ಕರಗಬಾರದು.

ತಪ್ಪು ಇನ್ನೊಂದು ದಿಕ್ಕಿಗೂ ಆಗುತ್ತದೆ. ಹೆದರಿಕೆ, ಓಡಾಟ, ಜ್ವರ, ಗರ್ಭಧಾರಣೆ ಇವೆಲ್ಲ ಈ ಪ್ರೋಟೀನನ್ನು ಏರಿಸುತ್ತವೆ. ಬೆಟ್ಟದ ದಾರಿಯಲ್ಲಿ ಬಸ್ಸಿಗೆ ಓಡಿ ಬಂದವರದ್ದೋ ಸೂಜಿ ಕಂಡು ಅತ್ತ ಮಗುವಿನದ್ದೋ ಅಂಕಿ ಸರಿಯಾಗಿ ಬಂದರೆ ಕಾಯಿಲೆ ಇಲ್ಲವೆಂದಾಗಲಿಲ್ಲ. ಅರ್ಧ ಗಂಟೆ ಕೂರಿಸಿ ರಕ್ತ ತೆಗೆಯಬೇಕು, ಅನುಮಾನವಿದ್ದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಒ ಗುಂಪಿನ ರಕ್ತದವರಲ್ಲಿ ಈ ಪ್ರೋಟೀನು ಉಳಿದವರಿಗಿಂತ ಕಾಲು ಭಾಗದಷ್ಟು ಕಡಿಮೆ ಇರುವುದು ಸಹಜ.

ಒಂದನೆಯ ಬಗೆಯವರ ಕೋಶಗಳಲ್ಲಿ ಸಾಮಾನ್ಯವಾಗಿ ದಾಸ್ತಾನು ಇರುತ್ತದೆ. ಡೆಸ್ಮೊಪ್ರೆಸಿನ್ ಎಂಬ ಔಷಧ ಆ ವೈಬೆಲ್-ಪಲಾಡೆ ಕಾಯಗಳನ್ನು ಖಾಲಿ ಮಾಡಿಸಿ ಪ್ರೋಟೀನನ್ನು ರಕ್ತಕ್ಕೆ ಬಿಡಿಸುತ್ತದೆ. ಆಸ್ಪತ್ರೆಯಲ್ಲಿ ಮೊದಲು ಪ್ರಯೋಗ ಮಾಡಿ ನೋಡುತ್ತಾರೆ: ಕಿಲೋಗೆ 0.3 ಮೈಕ್ರೋಗ್ರಾಂನಂತೆ ನಮ್ಮ ಹುಡುಗಿಗೆ 13.5 ಮೈಕ್ರೋಗ್ರಾಂ, ಸಲೈನಿನಲ್ಲಿ ಬೆರೆಸಿ ಅರ್ಧ ಗಂಟೆಯಲ್ಲಿ ನರಕ್ಕೆ. ಒಂದು ಗಂಟೆಯ ನಂತರ 22 ಇದ್ದದ್ದು 78ಕ್ಕೆ ಏರಿ, ನಾಲ್ಕು ಗಂಟೆಗೆ 66ರಲ್ಲಿ ನಿಂತಿದ್ದರೆ ಆಕೆಗೆ ಈ ಔಷಧ ಆಗಿಬರುತ್ತದೆ. ಮುಂದೆ ಹಲ್ಲು ಕೀಳಿಸುವ ಮುನ್ನ ಇದನ್ನೇ ಕೊಡಬಹುದು. ಒಂದು ಗಂಟೆಗೆ 78 ಇದ್ದು ನಾಲ್ಕನೆಯ ಗಂಟೆಗೆ 30ಕ್ಕೆ ಕುಸಿದರೆ ಪ್ರೋಟೀನು ರಕ್ತದಿಂದ ಬೇಗ ಕಳೆದುಹೋಗುತ್ತಿದೆ ಎಂದರ್ಥ. ಶಸ್ತ್ರಚಿಕಿತ್ಸೆಗೆ ಅದನ್ನು ನಂಬಿ ಕೂರುವಂತಿಲ್ಲ. ಮೂರನೆಯ ಬಗೆಯವರಲ್ಲಿ ಬಿಡಿಸಲು ದಾಸ್ತಾನೇ ಇಲ್ಲ. ಅವರಿಗೆ ಪ್ರೋಟೀನನ್ನೇ ಹೊರಗಿನಿಂದ ಕೊಡಬೇಕು.

ಎರಡನೆಯ ಬಗೆಯಲ್ಲೊಂದು ಉಪಬಗೆ ಮಳೆಗಾಲದಲ್ಲಿ ಎಲ್ಲರನ್ನೂ ದಾರಿ ತಪ್ಪಿಸಬಲ್ಲದು. 2ಬಿ ಎಂಬ ಅದರಲ್ಲಿ ಪ್ರೋಟೀನು ಹರಿವಿನ ಸೆಳೆತಕ್ಕೆ ಕಾಯದೆ ಎಲ್ಲೆಂದರಲ್ಲಿ ಪ್ಲೇಟ್‌ಲೆಟ್ ಹಿಡಿಯುತ್ತದೆ. ಹಿಡಿದ ಗುಂಪುಗಳನ್ನು ದೇಹ ತೆಗೆದುಹಾಕುವುದರಿಂದ ಕೌಂಟೂ ಇಳಿಯುತ್ತದೆ. ಜ್ವರ ಬಂದ ದಿನ ಇಂಥವರ ಕೌಂಟ್ 80 ಸಾವಿರ ಕಂಡರೆ ಡೆಂಗಿ ಎಂದುಕೊಳ್ಳುವುದು ಸುಲಭ. ಜ್ವರ ಬಿಟ್ಟು ತಿಂಗಳಾದರೂ ಏರದಿದ್ದರೆ, ಮನೆಯ ಇನ್ನೊಬ್ಬರಿಗೂ ಕಡಿಮೆಯಿದ್ದರೆ ಇದನ್ನು ನೆನಪಿಸಿಕೊಳ್ಳಬೇಕು. ಅವರಿಗೆ ಡೆಸ್ಮೊಪ್ರೆಸಿನ್ ಕೊಟ್ಟರೆ ಅದೇ ದೋಷದ ಪ್ರೋಟೀನು ಇನ್ನಷ್ಟು ಹೊರಬಂದು ಕೌಂಟ್ ಮತ್ತೂ ಬೀಳುವ ಭಯ.

ನಮ್ಮ ಹುಡುಗಿಯ ತಿಂಗಳ ತೊಂದರೆಗೆ ಡೆಸ್ಮೊಪ್ರೆಸಿನ್ ಬೇಕಾಗದೇ ಹೋಗಬಹುದು. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಮುಟ್ಟಿನ ಮೊದಲ ದಿನದಿಂದ ದಿನಕ್ಕೆ ಮೂರು ಬಾರಿ ಒಂದೊಂದು ಗ್ರಾಂನಂತೆ ನಾಲ್ಕೈದು ದಿನ ವೈದ್ಯರು ಕೊಡುತ್ತಾರೆ. ಸಾಲದಿದ್ದರೆ ಹಾರ್ಮೋನ್ ಮಾತ್ರೆ. ಹೊಟ್ಟೆನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಮೆಫೆನಾಮಿಕ್ ಆಮ್ಲ, ಐಬುಪ್ರೊಫೇನ್ ಈಕೆಗೆ ಸಲ್ಲವು. ಅವೂ ಥ್ರಾಂಬಾಕ್ಸೇನ್ ತಯಾರಿಕೆಯನ್ನೇ ತಡೆಯುವುದರಿಂದ, ಮೊದಲ ಹಂತದಲ್ಲಿ ಸೋತಿರುವ ಬಿರಡೆ ಎರಡನೆಯದರಲ್ಲೂ ಸೋಲುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೆಸ್ಮೊಪ್ರೆಸಿನ್ ತೆಗೆದುಕೊಂಡ ದಿನ ಮಾತ್ರ ಇನ್ನೊಂದು ಎಚ್ಚರಿಕೆ ಇದೆ: ಅದು ಮೂತ್ರವನ್ನು ತಡೆಹಿಡಿಯುವುದರಿಂದ ಮುಂದಿನ 24 ಗಂಟೆ ನೀರು, ಗಂಜಿ, ಕಾಫಿ ಎಲ್ಲ ಸೇರಿ ಒಂದು ಲೀಟರಿನ ಆಸುಪಾಸಿನಲ್ಲೇ ಇರಬೇಕು. ಇಲ್ಲದಿದ್ದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು.